ಹಾಳೆಯ ಎಡ ಅಂಚು ಕಾಣೆಯಾದ ಸಂಜೆ

ಕಪ್ಪು ಮೇಜಿನ ಮೇಲಿಟ್ಟ ಬಿಳಿ ಹಾಳೆಯ ಫೋಟೋದಿಂದ ಅದರ ಅಂಚುಗಳನ್ನು ಗುರುತಿಸುವ ಪುಟ್ಟ ಪ್ರೋಗ್ರಾಂ ಒಂದನ್ನು ಬರೆದು ಮುಗಿಸಿದ ಸಂಜೆ, ಮೇಲಂಚು ಸರಿಯಾಗಿ ಸಿಕ್ಕಿತು, ಎಡ ಅಂಚು ಮಾತ್ರ ಸಿಗಲಿಲ್ಲ. 640×480 ಪಿಕ್ಸೆಲ್‌ಗಳ ಅಂಚು ಚಿತ್ರದಲ್ಲಿ ಅದು 400 ಪಿಕ್ಸೆಲ್ ಉದ್ದದ, ಎಲ್ಲೂ ತುಂಡಾಗದ ಗೆರೆಯಾಗಿ ಕಣ್ಣಿಗೆ ಕಾಣುತ್ತಲೇ ಇತ್ತು.

ನಾನು ಬಳಸಿದ್ದು ಹಫ್ ವಿಧಾನ: ಅಂಚಿನ ಬಿಂದುಗಳು ಗೆರೆಗಳಿಗೆ ಹಾಕುವ ಮತಗಳನ್ನು ಒಂದು ಪಟ್ಟಿಯಲ್ಲಿ ಎಣಿಸಿ, ಹೆಚ್ಚು ಮತ ಬಿದ್ದದ್ದನ್ನು ಗೆರೆಯೆಂದು ಹಿಡಿಯುವುದು. 1962ರ ತಮ್ಮ ಪೇಟೆಂಟಿನಲ್ಲಿ ಹಫ್ ಅವರು ಗೆರೆಯನ್ನು ಇಳಿಜಾರಿನ ಮೂಲಕ ಹೇಳಿದ್ದರು. ನೆಟ್ಟಗೆ ನಿಂತ ಗೆರೆಯ ಇಳಿಜಾರು ಅನಂತವಾಗುವುದರಿಂದ ಅದು ಯಾವ ಪಟ್ಟಿಗೂ ಹಿಡಿಸುವುದಿಲ್ಲ. 1972ರಲ್ಲಿ ಡ್ಯೂಡಾ ಮತ್ತು ಹಾರ್ಟ್ ಅದರ ಬದಲು ಲಂಬರೂಪವನ್ನು ತಂದರು: ಮೂಲಬಿಂದುವಿನಿಂದ ಗೆರೆಗೆ ಎಳೆದ ಲಂಬದ ಕೋನ ಥೀಟಾ, ಆ ಲಂಬದ ಚಿಹ್ನೆಸಹಿತ ಉದ್ದ ರೋ.

```
ρ = x cos θ + y sin θ
```

ಅಂಚಿನ ಪ್ರತಿ ಬಿಂದುವೂ ತನ್ನ ಮೂಲಕ ಹಾದುಹೋಗಬಹುದಾದ ಎಲ್ಲ ಗೆರೆಗಳಿಗೂ, ಅಂದರೆ 0ಯಿಂದ 179 ಡಿಗ್ರಿಯವರೆಗೆ ಕೋನಕ್ಕೊಂದರಂತೆ, ಮತ ಹಾಕುತ್ತದೆ. ಚಿತ್ರದ ಕರ್ಣ 800 ಆದ್ದರಿಂದ ರೋ −800ರಿಂದ 800ರವರೆಗೆ ಒಂದೊಂದೇ ಪಿಕ್ಸೆಲ್ ಅಂತರದಲ್ಲಿ ಸಾಗುತ್ತದೆ. ಥೀಟಾ, ರೋಗಳ ಪ್ರತಿ ಜೋಡಿಗೂ ಪಟ್ಟಿಯಲ್ಲಿ ಒಂದು ಕೋಶ, ಪ್ರತಿ ಥೀಟಾಗೆ ಒಂದು ಕಂಬಸಾಲು. 150 ಮತ ದಾಟಿದ ಕೋಶವನ್ನು ಗೆರೆಯೆಂದು ಒಪ್ಪುವುದು ನಾನಿಟ್ಟ ನಿಯಮ.

ಮಿತಿಯನ್ನು 100ಕ್ಕೆ ಇಳಿಸಿದಾಗ ಎಡ ಅಂಚು ಬಂತು, ಆದರೆ ಒಂದರ ಜಾಗದಲ್ಲಿ ಹಲವು ಗೆರೆಗಳಾಗಿ ಬಂತು. ಕೊನೆಗೆ, ಮೊದಲೇ ಮಾಡಬೇಕಿದ್ದ ಕೆಲಸವನ್ನು ಮಾಡಿದೆ: ಮತಗಳ ಪಟ್ಟಿಯನ್ನೇ ಚಿತ್ರವಾಗಿ ತೆರೆದು ನೋಡಿದೆ. ಮೇಲಂಚಿನ 400 ಮತಗಳು 90 ಡಿಗ್ರಿಯ ಕಂಬಸಾಲಿನಲ್ಲಿ ಒಂದೇ ಚುಕ್ಕೆಯಾಗಿ ಹೊಳೆಯುತ್ತಿದ್ದವು. ಮಂಕಾದ ಇನ್ನೆರಡು ಕಲೆಗಳು ಪಟ್ಟಿಯ ಎರಡು ತುದಿಗಳಲ್ಲಿದ್ದವು: ಒಂದು 0 ಡಿಗ್ರಿಯಲ್ಲಿ, ರೋ 200ರ ಬಳಿ, ಇನ್ನೊಂದು 179 ಡಿಗ್ರಿಯಲ್ಲಿ, ರೋ −200ರ ಬಳಿ.

ಎರಡೂ ಒಂದೇ ಅಂಚಿನ ಗುರುತುಗಳಾಗಿದ್ದವು. ಹಾಳೆ ಅರ್ಧ ಡಿಗ್ರಿಯಷ್ಟು ವಾಲಿತ್ತು. ಕ್ಯಾಮೆರಾ ಓರೆಯಾಗಿದ್ದುದರಿಂದ ಮೇಲಂಚು ಮಾತ್ರ ಮಟ್ಟವಾಗಿ ಬಿದ್ದಿತ್ತು. ಎಡ ಅಂಚಿನ ನಿಜವಾದ ಥೀಟಾ −0.5, ಅಂದರೆ ರೋ ಚಿಹ್ನೆಯನ್ನು ತಿರುಗಿಸಿ ಹೇಳಿದರೆ 179.5 ಡಿಗ್ರಿ, ಅದಕ್ಕೆ ನನ್ನ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ಅರ್ಧ ಡಿಗ್ರಿ ತಪ್ಪಿದ ಕೋನದಲ್ಲಿ ಸುಮಾರು 115 ಪಿಕ್ಸೆಲ್ ಸಾಗುವಷ್ಟರಲ್ಲಿ ರೋ ಒಂದು ಪಿಕ್ಸೆಲ್ ಜಾರುತ್ತದೆ, ಹಾಗಾಗಿ 400 ಮತಗಳು ನಾಲ್ಕೈದು ಕೋಶಗಳಿಗೆ ಹಂಚಿಹೋಗಿ ಯಾವುದೂ 150 ಮುಟ್ಟಲಿಲ್ಲ. ಗೆರೆ ಎಷ್ಟೇ ಉದ್ದವಿದ್ದರೂ ಒಂದು ಕೋಶಕ್ಕೆ ಸಿಗುವುದು ಅಷ್ಟೇ.

ಕೋನದ ಹೆಜ್ಜೆಯನ್ನು ಅರ್ಧ ಡಿಗ್ರಿಗೆ ಇಳಿಸಿದಾಗ ಬಹುತೇಕ ಎಲ್ಲ ಮತಗಳೂ 179.5ರ ಕೋಶದಲ್ಲಿ ಕೂಡಿದವು. ಪಟ್ಟಿ ಇಮ್ಮಡಿಯಾಯಿತು, ಸಮಯವೂ ಹಾಗೆಯೇ. ಅಕ್ಕಪಕ್ಕದ ಕೋಶಗಳಿಗಿಂತ ದೊಡ್ಡದನ್ನು ಮಾತ್ರ ಉಳಿಸಿಕೊಳ್ಳುವ ನನ್ನ ಕೋಡ್ ಪಟ್ಟಿಯ ಅಂಚಿನಲ್ಲಿ ನಿಂತುಬಿಡುತ್ತಿದ್ದುದನ್ನೂ ತಿದ್ದಿದೆ. ಮೊದಲ ಕಂಬಸಾಲಿನ ಎಡ ನೆರೆ ಕೊನೆಯ ಕಂಬಸಾಲು, ಆದರೆ ತಲೆಕೆಳಗಾಗಿ. ಪಟ್ಟಿಯನ್ನು ಅರ್ಧ ತಿರುವು ಕೊಟ್ಟು ಅಂಟಿಸಿದಂತೆ. ಕೆಳಗಿನ ಸಾಲುಗಳಲ್ಲಿ t ಕಂಬಸಾಲಿನ ಸಂಖ್ಯೆ, T ಒಟ್ಟು ಕಂಬಸಾಲುಗಳು, r ರೋ.

```
if t < 0: t, r = t + T, -r
if t >= T: t, r = t - T, -r
```

ಕಾಲು ಡಿಗ್ರಿಯ ತಪ್ಪು ಈಗಲೂ ಆಗಬಹುದು, ಆದರೆ ಆಗ ಒಂದು ಕೋಶಕ್ಕೆ ಸುಮಾರು 230 ಮತ ಸಿಗುತ್ತದೆ. ಆದ್ದರಿಂದ ಮಿತಿಯನ್ನು 150ರಲ್ಲೇ ಬಿಟ್ಟೆ.