ಕುಟ್ಟನಾಡಿನ ಕಳ್ಳಂಗಡಿಯಲ್ಲಿ ಬಾಟಲಿ ಎಣಿಸಿದರೆ ಸಾಲದು

ಆಲಪ್ಪುಳ ಜೆಟ್ಟಿಯಲ್ಲಿ ಸ್ಕೂಟರ್ ನಿಲ್ಲಿಸಿ ಸರ್ಕಾರಿ ಬೋಟು ಹತ್ತಿದೆವು, ನಾನು ಮತ್ತು ನಮ್ಮ ಭಾವ. ಕೈನಕರಿ ಕಡೆ ಹೋಗುವ ಬೋಟು. ಎರಡೂ ಬದಿಗೆ ತೆಂಗಿನ ಸಾಲು, ಕೆಲವು ಮರಗಳ ತುದಿಯಲ್ಲಿ ಹೊಂಬಾಳೆಗೆ ಸಿಕ್ಕಿಸಿದ ಮಡಕೆ. ನಾವು ಹೊರಟಿದ್ದೇ ಆ ಮಡಕೆಯದ್ದನ್ನು ಅಲ್ಲೇ ಕುಡಿದು ನೋಡೋಣ ಅಂತ.

ದಡಕ್ಕೆ ಅಂಟಿಕೊಂಡೇ ಒಂದು ಕಳ್ಳಂಗಡಿ. ಮರಗೆಣಸು, ಕೆಂಪು ಮೀನು ಸಾರು, ಜೊತೆಗೆ ಬೆಳಗಿನ ಕಳ್ಳು. ಹಾಲು ಬೆರೆಸಿದ ನೀರಿನ ಬಣ್ಣ, ಬಾಯಿಗಿಟ್ಟರೆ ಸಿಹಿ, ನಾಲಿಗೆ ಮೇಲೆ ಸಣ್ಣಗೆ ಚುರುಚುರು. ಭಾವ ಅರ್ಧ ಲೋಟ ಕುಡಿದು "ಇದರಲ್ಲಿ ಏನೂ ಇಲ್ಲ ಮಾರಾಯ, ಎಳನೀರಿನ ಹಾಗಿದೆ" ಅಂದರು. ಎಲ್ಲರೂ ಎಡವುವುದು ಇಲ್ಲೇ. ಆ ಸಿಹಿ ಅಂದರೆ ಸಕ್ಕರೆ ಇನ್ನೂ ಉಳಿದಿದೆ ಅಂತ ಅಷ್ಟೇ, ಮದ್ಯ ಇಲ್ಲ ಅಂತ ಅಲ್ಲ.

ಬಿಚ್ಚದ ಹೊಂಬಾಳೆಯನ್ನು ಬಿಗಿಯಾಗಿ ಕಟ್ಟುತ್ತಾರೆ, ಕೆಲವು ದಿನ ಮೆಲ್ಲಗೆ ಬಡಿಯುತ್ತಾರೆ, ಆಮೇಲೆ ತುದಿ ಕೊಯ್ದು ಮಡಕೆ ಸಿಕ್ಕಿಸುತ್ತಾರೆ. ತೊಟ್ಟಿಕ್ಕುವ ರಸದಲ್ಲಿ ಸಕ್ಕರೆ ಚೆನ್ನಾಗಿಯೇ ಇರುತ್ತದೆ. ಗಾಳಿಯಲ್ಲಿ, ಮರದ ಮೇಲೆ, ನಿನ್ನೆಯ ಮಡಕೆಯ ತಳದಲ್ಲಿ ಯೀಸ್ಟ್ ಇದ್ದೇ ಇರುತ್ತದೆ, ಹಾಗಾಗಿ ಹುಳಿಯುವುದು ಮರದ ಮೇಲೆಯೇ ಶುರುವಾಗುತ್ತದೆ. ಒಳಗೆ ಸುಣ್ಣ ಬಳಿದ ಮಡಕೆಯಾದರೆ ಅದು ತಡೆಯುತ್ತದೆ, ನೀರಾ ಸಿಗುವುದು ಹಾಗೆ. ಸುಣ್ಣ ಇಲ್ಲದಿದ್ದರೆ "ಈಗಷ್ಟೇ ಇಳಿಸಿದ್ದು" ಅಂದರೂ ಅದು ಹೊಸದಲ್ಲ. ರಾತ್ರಿಯಿಡೀ ತೂಗಿದ ಮಡಕೆಯಲ್ಲಿ ಮೊದಲ ಹನಿಗೆ ಹನ್ನೆರಡು ಗಂಟೆ ವಯಸ್ಸು, ಕೊನೆಯ ಹನಿಗೆ ಒಂದು ನಿಮಿಷ. ಅಂಗಡಿಗೆ ಬರುವ ಹೊತ್ತಿಗೆ ಹತ್ತಾರು ಮರದ ಕಳ್ಳು ಒಟ್ಟಿಗೆ ಸೇರಿರುತ್ತದೆ.

ಬಾಟಲಿಗೆ ತುಂಬಿದ ಮೇಲೂ ಅದು ನಿಲ್ಲುವುದಿಲ್ಲ. ಮಧ್ಯಾಹ್ನದ ಸೆಖೆಯಲ್ಲಿ ಇನ್ನೂ ಜೋರು. ನೊರೆ ಬರುತ್ತಿದೆ ಅಂದರೆ ಯೀಸ್ಟ್ ಇನ್ನೂ ಕೆಲಸ ಮಾಡುತ್ತಿದೆ, ಮದ್ಯದ ಕಡು ಏರುತ್ತಿದೆ. ಬೆಳಿಗ್ಗೆ ಶೇಕಡಾ 4ರ ಆಸುಪಾಸು ಇದ್ದದ್ದು ಮರುದಿನದ ಹೊತ್ತಿಗೆ 7, 8 ಮುಟ್ಟಬಹುದು. ಕೇರಳದ ಕಾನೂನು ಹಿಂದೊಮ್ಮೆ ತೆಂಗಿನ ಕಳ್ಳಿಗೆ ಶೇಕಡಾ 8.1ರ ಮಿತಿ ಹಾಕಿದ್ದು ಸುಮ್ನೆ ಅಲ್ಲ.

ಅಂಗಡಿಯವರನ್ನು ಕೇಳಿದೆ, "ಚೇಟ್ಟಾ, ಹುಳಿ ಇದ್ದರೆ ಕಡು ಜಾಸ್ತಿ ಅಂತ ತಿಳಿಯಬಹುದಾ?" ಅವರು ತಲೆ ಅಲ್ಲಾಡಿಸಿದರು. ಸಿಹಿ ಹೋಗಿದೆಯಾ ನೋಡಿ, ಹುಳಿ ನಂಬಬೇಡಿ ಅಂದರು. ಸರಿಯಾದ ಮಾತು. ಒಂದು ಹುಳಿ ಮೊದಲ ಗಂಟೆಗಳಲ್ಲೇ ಬರುತ್ತದೆ, ಮೊಸರಿನಲ್ಲಿ ಇರುವಂಥದ್ದು, ಆಗ ಕಡು ಇನ್ನೂ ಕಡಿಮೆ. ಇನ್ನೊಂದು ಕೊನೆಗೆ ಬರುತ್ತದೆ, ಮೂಗಿಗೆ ಹೊಡೆಯುವ ವಿನೆಗರ್ ಹುಳಿ, ಆಗ ಮದ್ಯವೇ ವಿನೆಗರ್ ಆಗಿ ಕಡಿಮೆಯಾಗುತ್ತಿರುತ್ತದೆ. ಜಾಸ್ತಿ ಕಡು ಇರುವುದು ಇವೆರಡರ ನಡುವೆ. ದ್ರವದ ಸಾಂದ್ರತೆ ತೋರಿಸುವ ಅಳತೆಗೋಲು ಇಳಿಬಿಟ್ಟು ನೋಡೋಣ ಅಂದರೆ ಅದೂ ಕಷ್ಟ: ಉಳಿದ ಸಕ್ಕರೆ ದ್ರವವನ್ನು ಭಾರ ಮಾಡುತ್ತದೆ, ಮದ್ಯ ಹಗುರ ಮಾಡುತ್ತದೆ, ಗೋಲು ಎರಡನ್ನೂ ಕಲಸಿ ಒಂದೇ ಸಂಖ್ಯೆ ತೋರಿಸುತ್ತದೆ. ಅದಕ್ಕೇ ಲ್ಯಾಬಿನಲ್ಲಿ ಮೊದಲು ಭಟ್ಟಿ ಇಳಿಸಿ, ಮದ್ಯವನ್ನು ಬೇರೆ ಮಾಡಿಕೊಂಡು ಅಳೆಯುತ್ತಾರೆ.

ಮೇಜಿನ ಮೇಲೆ 650 ಎಂಎಲ್ ಬಾಟಲಿ ಇಟ್ಟುಕೊಂಡು ಭಾವನಿಗೆ ಲೆಕ್ಕ ಹೇಳಿದೆ. ಶೇಕಡಾ 4 ಇದ್ದರೆ ಅದರಲ್ಲಿ 26 ಎಂಎಲ್ ಮದ್ಯ, ಅಂದರೆ ಹೆಚ್ಚುಕಡಿಮೆ 60 ಎಂಎಲ್‌ನ ಒಂದು ದೊಡ್ಡ ಪೆಗ್ ವಿಸ್ಕಿ. ಶೇಕಡಾ 8 ಆದರೆ 52 ಎಂಎಲ್, ಎರಡು ದೊಡ್ಡ ಪೆಗ್. ಅದೇ ಬಾಟಲಿ, ಅದೇ ಬಣ್ಣ. "ನಾನು ಯಾವಾಗಲೂ ಎರಡೇ ಬಾಟಲಿ" ಅನ್ನುವವನು ಒಂದು ದಿನ ಎರಡು ಪೆಗ್ ಕುಡಿದಿರುತ್ತಾನೆ, ಇನ್ನೊಂದು ದಿನ ನಾಲ್ಕು. ಅವನಿಗೆ ಗೊತ್ತೇ ಆಗಿರುವುದಿಲ್ಲ. ಅದರ ಮೇಲೆ ಮರಗೆಣಸು, ಮೀನು ಹೊಟ್ಟೆ ತುಂಬಿದ್ದರೆ ಮದ್ಯ ನಿಧಾನಕ್ಕೆ ರಕ್ತಕ್ಕೆ ಸೇರುತ್ತದೆ, ಖಾರಕ್ಕೆ ಕೈ ಮಾತ್ರ ಮತ್ತೆ ಮತ್ತೆ ಲೋಟಕ್ಕೇ ಹೋಗುತ್ತದೆ. "ಏನೂ ಆಗಿಲ್ಲವಲ್ಲ" ಅನ್ನುವ ಮೊದಲ ಅರ್ಧ ಗಂಟೆಯನ್ನು ನಂಬಲೇಬಾರದು.

ಇದೆಲ್ಲ ಶುದ್ಧ ಕಳ್ಳಿನ ಮಾತು. ತೆಲಂಗಾಣದಲ್ಲಿ ಅಲ್ಪ್ರಜೋಲಾಂ, ಕ್ಲೋರಲ್ ಹೈಡ್ರೇಟ್ ಬೆರೆಸಿದ ಕಳ್ಳು ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಅಂಥದ್ದರಲ್ಲಿ ಶೇಕಡಾವಾರು ಲೆಕ್ಕವೇ ಕೆಲಸಕ್ಕೆ ಬರುವುದಿಲ್ಲ, ಮದ್ಯ ಮತ್ತು ನಿದ್ದೆ ಔಷಧಿ ಸೇರಿದರೆ ಉಸಿರಾಟವೇ ಕುಂದಬಹುದು. ಸ್ವಲ್ಪಕ್ಕೇ ವಿಪರೀತ ಮಂಪರು ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಎಬ್ಬಿಸಿದರೂ ಏಳದವರನ್ನು ಮಲಗಲಿ ಬಿಡಿ ಅನ್ನದೆ ಆಸ್ಪತ್ರೆಗೆ ಒಯ್ಯಬೇಕು.

ಸಂಜೆ ಅಂಗಡಿಯವರು ಇನ್ನೊಂದು ಬಾಟಲಿ ತಂದರು. ಯಾವಾಗ ಇಳಿಸಿದ್ದು ಅಂತ ಕೇಳಿದೆವು. ನಿನ್ನೆಯದ್ದು, ಜೋರಿದೆ ಅಂದರು. ಒಂದೊಂದು ಗುಟುಕು ರುಚಿ ನೋಡಿದೆವು. ಸಿಹಿ ಪೂರ್ತಿ ಹೋಗಿತ್ತು, ವಿನೆಗರ್ ವಾಸನೆ ಇನ್ನೂ ಬಂದಿರಲಿಲ್ಲ. ಭಾವ ತಾವಾಗಿಯೇ ಲೋಟ ಬದಿಗಿಟ್ಟು ಸುಲೈಮಾನಿ ಚಹಾ ಹೇಳಿದರು. ಗಾಡಿ ಓಡಿಸಲು ರಕ್ತದ ಮಿತಿ 100 ಎಂಎಲ್‌ಗೆ 30 ಮಿಲಿಗ್ರಾಂ, ಬೆಳಗಿನ ಒಂದು ಬಾಟಲಿಯೇ ಅದನ್ನು ದಾಟಿಸಬಹುದು. ಹಾಗಾಗಿ ಆಲಪ್ಪುಳಕ್ಕೆ ವಾಪಸ್ ಬಂದಾಗ ಸ್ಕೂಟರ್ ಜೆಟ್ಟಿಯಲ್ಲೇ ಬಿಟ್ಟು ರೂಮಿಗೆ ಆಟೋ ಹಿಡಿದೆವು.