ರಕ್ತದಲ್ಲಿ ಪಾಸಿಟಿವ್, ಮೂತ್ರದಲ್ಲಿ ನೆಗೆಟಿವ್

"ಮನೆಯಲ್ಲಿ ಪ್ರೆಗ್ನೆನ್ಸಿ ಕಿಟ್ ಹಾಕಿದರೆ ಒಂದೇ ಗೆರೆ, ನೀವು ರಕ್ತದಲ್ಲಿ ಪಾಸಿಟಿವ್ ಅಂತೀರಿ. ಯಾವುದನ್ನು ನಂಬುದು ಮೇಡಂ?"

ಹೆಚ್ಚಿನ ಸಲ ಎರಡೂ ಸರಿಯೇ. ಎರಡೂ ಹುಡುಕುವುದು ಗರ್ಭ ನಿಂತಾಗ ಬರುವ ಎಚ್‌ಸಿಜಿ ಎಂಬ ಹಾರ್ಮೋನನ್ನು. ಒಂದು ಆ್ಯಂಟಿಬಾಡಿ ಅದನ್ನು ಒಂದು ಕಡೆ ಹಿಡಿಯುತ್ತದೆ, ಗುರುತು ಕಟ್ಟಿದ ಇನ್ನೊಂದು ಆ್ಯಂಟಿಬಾಡಿ ಮತ್ತೊಂದು ಕಡೆ. ಕಿಟ್‌ನಲ್ಲಿ ಆ ಗುರುತು ಬಣ್ಣ, ಅದೇ ಟಿ ಗೆರೆ. ಸಿ ಗೆರೆ ಪಟ್ಟಿ ಕೆಲಸ ಮಾಡಿದೆ ಎಂದಷ್ಟೇ ಹೇಳುತ್ತದೆ.

ಸಾಮಾನ್ಯ ಕಿಟ್‌ಗೆ ಸುಮಾರು 25 mIU/mL ಬೇಕು, ಲ್ಯಾಬಿನ ಯಂತ್ರ 5ರ ಆಸುಪಾಸನ್ನೂ ಅಳೆಯುತ್ತದೆ. ಮುಟ್ಟು ತಪ್ಪುವ ಹೊತ್ತಿಗೆ ರಕ್ತದಲ್ಲಿ 18 ಇದ್ದರೆ ಕಿಟ್‌ನಲ್ಲಿ ಗೆರೆ ಬಾರದು. ಶುರುವಿನಲ್ಲಿ ಅದು ಎರಡು ಮೂರು ದಿನಕ್ಕೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಹಾಗಾಗಿ ಎರಡು ದಿನ ಬಿಟ್ಟು, ಬೆಳಗ್ಗೆ ಎದ್ದ ಕೂಡಲೇ ನೀರು ಕುಡಿಯುವ ಮೊದಲು ನೋಡಿ. ಪ್ಯಾಕೆಟ್ ಮೊದಲೇ ಒಡೆದಿಡಬೇಡಿ, ನಮ್ಮ ಉಡುಪಿಯ ಮಳೆಗಾಲದ ತೇವಕ್ಕೆ ಪಟ್ಟಿ ಕೆಡುತ್ತದೆ.

ನನಗೆ ಚಿಂತೆ ಇರುವುದು ಇನ್ನೊಂದು ಬಗೆಯದು. ರಕ್ತದಲ್ಲಿ 140, ಎರಡು ದಿನದ ನಂತರ 143, ಸ್ಕ್ಯಾನ್‌ನಲ್ಲಿ ಗರ್ಭಚೀಲ ಕಾಣುವುದಿಲ್ಲ, ಮೂತ್ರ ನೆಗೆಟಿವ್ ಅಂತಿಟ್ಟುಕೊಳ್ಳಿ. ಏರದ ಅಂಕಿ ಕಂಡರೆ ಗರ್ಭ ಟ್ಯೂಬಿನಲ್ಲಿ ನಿಂತಿದೆಯೇನೋ ಎಂಬ ಅನುಮಾನ ಸಹಜ, ಆದರೆ 140 ಇದ್ದರೆ ಮೂತ್ರದಲ್ಲೂ ಗೆರೆ ಬರಬೇಕಿತ್ತು ಅಲ್ವಾ? ಕೆಲವರ ರಕ್ತದಲ್ಲಿ, ಪ್ರಾಣಿಗಳಿಂದ ತಯಾರಿಸಿದ ಟೆಸ್ಟಿನ ಆ್ಯಂಟಿಬಾಡಿಗಳಿಗೇ ಅಂಟುವ ಆ್ಯಂಟಿಬಾಡಿ ಇರುತ್ತದೆ. ಅದು ಎರಡನ್ನೂ ಹಿಡಿದು ಜೋಡಿಸಿಬಿಡುತ್ತದೆ, ಯಂತ್ರ ನಡುವೆ ಹಾರ್ಮೋನು ಇದೆ ಎಂದೇ ಎಣಿಸುತ್ತದೆ. ಇದು ದೊಡ್ಡ ಅಣು, ಕಿಡ್ನಿ ದಾಟಿ ಮೂತ್ರಕ್ಕೆ ಇಳಿಯುವುದು ಕಷ್ಟ. ಅದಕ್ಕೇ ಮೂತ್ರದಲ್ಲಿ ಗೆರೆ ಇಲ್ಲ.

ಇದನ್ನು ಪತ್ತೆ ಮಾಡಲು ರಕ್ತದ ತಿಳಿಭಾಗವಾದ ಅದೇ ಸೀರಮ್ಮನ್ನು ಎರಡು ಪಟ್ಟು ತೆಳು ಮಾಡಿ ಮತ್ತೆ ಹಾಕುತ್ತೇವೆ. ನಿಜವಾದ ಹಾರ್ಮೋನಾದರೆ 70ರ ಹತ್ತಿರ ಬರಬೇಕು. 25 ಬಂದರೆ ಅನುಮಾನ ಗಟ್ಟಿ. ಬೇರೆ ಕಂಪನಿಯ ಯಂತ್ರದಲ್ಲೂ ನೋಡಬೇಕು, ಅಲ್ಲಿ ಸೊನ್ನೆಯೇ ಬರಬಹುದು. ಆದರೆ ರಕ್ತದಲ್ಲಿ ಬರೀ 30 ಇದ್ದು ಮೂತ್ರದಲ್ಲಿ ಗೆರೆ ಬರದಿದ್ದರೆ ಅದರಿಂದ ಏನೂ ತೀರ್ಮಾನಿಸಲಾಗದು.

ಈ ಸುಳ್ಳು ಅಂಕಿಯನ್ನು ನಂಬಿ ಗರ್ಭವೇ ಇಲ್ಲದ ಹೆಂಗಸರಿಗೆ ಟ್ಯೂಬಿನ ಗರ್ಭ ಕರಗಿಸುವ ಮೆಥೊಟ್ರೆಕ್ಸೇಟ್ ಮದ್ದು ಕೊಟ್ಟ, ಆಪರೇಷನ್ ಮಾಡಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಅದಕ್ಕೇ ಮದ್ದು ಕೊಡುವ ಮೊದಲು ಮೂತ್ರದಲ್ಲೂ ಒಮ್ಮೆ ನೋಡುವ ಅಂತ ಡಾಕ್ಟರರ ಹತ್ತಿರ ಸಂಕೋಚವಿಲ್ಲದೆ ಕೇಳಿ. ಹೊಟ್ಟೆಯ ಒಂದು ಬದಿ ಜೋರು ನೋವು, ತಲೆಸುತ್ತು, ರಕ್ತಸ್ರಾವ ಇದ್ದರೆ ಮಾತ್ರ ಈ ಯಾವ ಲೆಕ್ಕಕ್ಕೂ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ.