ಸಿಡ್ನಿಗೂ ಒಂಬತ್ತು, ನ್ಯೂಯಾರ್ಕ್‌ಗೂ ಒಂಬತ್ತು: ರಿಫ್ರೆಶ್ ಯಾವಾಗ ಇಡಬೇಕು?

ನಮ್ಮ ಮಾರಾಟದ ಡ್ಯಾಶ್‌ಬೋರ್ಡ್ ನೋಡುವವರು ನಾಲ್ಕು ಊರಲ್ಲಿದ್ದಾರೆ: ಸಿಡ್ನಿ, ಬೆಂಗಳೂರು, ಲಂಡನ್, ನ್ಯೂಯಾರ್ಕ್. ಯಾರೇ ಆಗಲಿ, ತಮ್ಮ ಊರಿನ ಬೆಳಿಗ್ಗೆ ಒಂಬತ್ತಕ್ಕೆ ಲಾಗಿನ್ ಆದಾಗ ಹಿಂದಿನ ದಿನದ ಲೆಕ್ಕ ಕಾಣಬೇಕು. ಪವರ್ ಬಿಐ ಪ್ರೊ ಲೈಸೆನ್ಸಿನಲ್ಲಿ ದಿನಕ್ಕೆ 8 ರಿಫ್ರೆಶ್ ಮಾತ್ರ ಶೆಡ್ಯೂಲ್ ಮಾಡಬಹುದು. ಅವೂ ಗಂಟೆಗೆ ಸರಿಯಾಗಿ ಇಲ್ಲವೇ ಅರ್ಧ ಗಂಟೆಗೆ. ಲೆಕ್ಕ ಹಾಕಿ ಇಟ್ಟರೆ ಎಂಟು ಧಾರಾಳವಾಗಿ ಸಾಕು.

ಮೊದಲ ತೊಡಕು ಗಡಿಯಾರದ್ದೇ. ಭಾರತ ಬಿಟ್ಟು ಉಳಿದ ಮೂರೂ ಕಡೆ ವರ್ಷಕ್ಕೆ ಎರಡು ಸಲ ಗಡಿಯಾರ ಒಂದು ಗಂಟೆ ಹಿಂದೆ ಮುಂದೆ ಆಗುತ್ತದೆ. ಅದೂ ಒಂದೇ ದಿನ ಅಲ್ಲ. 2026ರಲ್ಲಿ ನ್ಯೂಯಾರ್ಕ್ ಮಾರ್ಚ್ 8ಕ್ಕೆ, ಲಂಡನ್ ಮಾರ್ಚ್ 29ಕ್ಕೆ, ಸಿಡ್ನಿ ಏಪ್ರಿಲ್ 5ಕ್ಕೆ. ಆಮೇಲೆ ಅಕ್ಟೋಬರ್-ನವೆಂಬರಿನಲ್ಲಿ ಮತ್ತೆ ಮೂರು ಬೇರೆ ಭಾನುವಾರಗಳು. ಪ್ರತಿ ಸಲ ಕೈಯಿಂದ ಶೆಡ್ಯೂಲ್ ಬದಲಿಸುತ್ತೇವೆ ಅಂದುಕೊಂಡರೆ ಒಂದಲ್ಲ ಒಂದು ತಪ್ಪಿಯೇ ತಪ್ಪುತ್ತದೆ.

ಹಾಗಾಗಿ ಶೆಡ್ಯೂಲನ್ನು ನಮ್ಮ ಭಾರತೀಯ ಸಮಯದಲ್ಲೇ ಇಟ್ಟೆವು. ಅದು ಅಲುಗಾಡುವುದಿಲ್ಲ. ಪ್ರತಿ ಊರಿಗೂ ವರ್ಷದಲ್ಲಿ ಎಲ್ಲಕ್ಕಿಂತ ಬೇಗ ಬರುವ ಒಂಬತ್ತು ಗಂಟೆಯನ್ನೇ ಗಡುವು ಅಂತ ಹಿಡಿದೆವು. ಸಿಡ್ನಿಯ ಒಂಬತ್ತು ಅವರ ಬೇಸಿಗೆಯಲ್ಲಿ ನಮಗೆ ಬೆಳಗಿನ ಜಾವ 3:30, ಚಳಿಗಾಲದಲ್ಲಿ 4:30. ಆದ್ದರಿಂದ ಗಡುವು 3:30. ಇದೇ ರೀತಿ ಲಂಡನ್‌ಗೆ ಮಧ್ಯಾಹ್ನ 1:30, ನ್ಯೂಯಾರ್ಕ್‌ಗೆ ಸಂಜೆ 6:30. ಅವರ ವರ್ಷದ ಉಳಿದ ಭಾಗದಲ್ಲಿ ಡೇಟಾ ಒಂದು ಗಂಟೆ ಹಳೆಯದಾಗಿರುತ್ತದೆ. ಹಿಂದಿನ ದಿನದ ಲೆಕ್ಕಕ್ಕೆ ಅದರಿಂದ ತೊಂದರೆ ಇಲ್ಲ. ಗಂಟೆ ಗಂಟೆಯ ಸ್ಟಾಕ್ ನೋಡುವವರಿಗೆ ಮಾತ್ರ ಈ ದಾರಿ ಆಗಿಬರುವುದಿಲ್ಲ.

ಗಡುವಿನಿಂದ ಎಷ್ಟು ಹಿಂದಕ್ಕೆ ಹೋಗಬೇಕು? ರಿಫ್ರೆಶ್ ಹಿಸ್ಟರಿಯಲ್ಲಿ ಶುರುವಾದ ಮತ್ತು ಮುಗಿದ ಸಮಯ ಇರುತ್ತದೆ. ಅದರಲ್ಲಿ ಸರಾಸರಿ ನೋಡಬೇಡಿ, ತುಂಬಾ ನಿಧಾನವಾದ ದಿನ ನೋಡಿ. ನಮ್ಮದು ಜಾಸ್ತಿ ಅಂದರೆ 25 ನಿಮಿಷ. ಇಟ್ಟ ಸಮಯಕ್ಕಿಂತ ಕಾಲು ಗಂಟೆ ತಡವಾಗಿ ಶುರುವಾಗುವುದು ಮಾಮೂಲು, ಸರ್ವಿಸ್ ಒತ್ತಡದಲ್ಲಿದ್ದರೆ ಇನ್ನೂ ತಡವಾಗಬಹುದು. ಎಲ್ಲ ಸೇರಿಸಿ ಒಂದು ಗಂಟೆ ಹಿಡಿದು 2:30, 8:00, 12:30, 5:30 ಅಂತ ಇಟ್ಟೆವು. ಉಳಿದ ನಾಲ್ಕನ್ನು ಇವುಗಳಿಗಿಂತ ಒಂದೊಂದು ಗಂಟೆ ಮೊದಲೇ ಇಟ್ಟೆವು. ರಿಫ್ರೆಶ್ ಫೇಲ್ ಆದರೆ ಹಳೆಯ ಡೇಟಾ ಅಳಿಸಿಹೋಗುವುದಿಲ್ಲ. 2:30ರದ್ದು ಕೈಕೊಟ್ಟರೂ 1:30ರದ್ದು ಸಿಡ್ನಿಯವರಿಗೆ ಇದ್ದೇ ಇರುತ್ತದೆ. ಆದರೆ ಡೇಟಾ ವೇರ್‌ಹೌಸಿನ ಲೋಡ್ ಅದಕ್ಕೂ ಮೊದಲೇ ಮುಗಿದಿರಬೇಕು, ಇಲ್ಲದಿದ್ದರೆ ಇಷ್ಟೆಲ್ಲ ಮಾಡಿದ್ದು ದಂಡ.

ಭಾರತೀಯ ಸಮಯ ಇಟ್ಟಿದ್ದರಿಂದ ಇನ್ನೊಂದು ಅನುಕೂಲವೂ ಆಯಿತು. ಸಿಡ್ನಿಯ ಸೋಮವಾರ ಬೆಳಿಗ್ಗೆ ಒಂಬತ್ತು ಅಂದರೆ ಯುಟಿಸಿಯಲ್ಲಿ ಇನ್ನೂ ಭಾನುವಾರ ರಾತ್ರಿ. ಶೆಡ್ಯೂಲ್ ಯುಟಿಸಿಯಲ್ಲಿದ್ದು ಸೋಮವಾರದಿಂದ ಶುಕ್ರವಾರ ಅಂತ ಟಿಕ್ ಮಾಡಿದ್ದರೆ, ಸಿಡ್ನಿಯವರು ವಾರ ಶುರುಮಾಡುವುದೇ ಹಳೆಯ ಡೇಟಾದಿಂದ. ನಮ್ಮ ಸಮಯದಲ್ಲಿ 2:30 ಅಂದರೆ ಸೋಮವಾರವೇ.

ಇಷ್ಟಾದ ಮೇಲೂ ಸಿಡ್ನಿಯಿಂದ ಒಂದು ದೂರು ಬಂತು: ‘ನಿನ್ನೆಯ ಮಾರಾಟ’ ಅನ್ನುವ ಜಾಗದಲ್ಲಿ ಮೊನ್ನೆಯ ಅಂಕಿ ಕಾಣುತ್ತಿದೆ, ಹನ್ನೊಂದು ಗಂಟೆಗೆ ತಾನಾಗೇ ಸರಿಹೋಗುತ್ತದೆ ಅಂತ. ಆ ಹನ್ನೊಂದು ಗಂಟೆಯೇ ಸುಳಿವು. ಅವರ ಬೇಸಿಗೆಯ ಹನ್ನೊಂದು ಅಂದರೆ ಯುಟಿಸಿಯ ಮಧ್ಯರಾತ್ರಿ. ಪವರ್ ಬಿಐ ಸರ್ವಿಸ್‌ನಲ್ಲಿ `TODAY()` ಕೊಡುವುದು ಯುಟಿಸಿ ತಾರೀಖು. ಹಾಗಾಗಿ ಅಲ್ಲಿಯವರೆಗೆ ಡ್ಯಾಶ್‌ಬೋರ್ಡಿಗೆ ‘ಇವತ್ತು’ ಅಂದರೆ ಸಿಡ್ನಿಯವರ ನಿನ್ನೆ. ರಿಫ್ರೆಶ್ ಎಷ್ಟು ಸಲ ಮಾಡಿದರೂ ಇದು ಸರಿಹೋಗುವುದಿಲ್ಲ. ಪ್ರತಿ ಊರಿನ ಸ್ಥಳೀಯ ತಾರೀಖನ್ನು ಎಸ್‌ಕ್ಯೂಎಲ್ ಸರ್ವರ್‌ನಲ್ಲೇ ಲೆಕ್ಕ ಹಾಕಿ ಒಂದು ಟೇಬಲ್ಲಿಗೆ ತಂದು, ‘ನಿನ್ನೆ’ಯನ್ನು ಅದರಿಂದ ತೆಗೆದೆವು:

```sql
CAST(SYSUTCDATETIME() AT TIME ZONE 'UTC'
  AT TIME ZONE 'AUS Eastern Standard Time' AS date)
```

ಹೆಸರಲ್ಲಿ `Standard` ಅಂತ ಇದ್ದರೂ ಬೇಸಿಗೆಯ ಒಂದು ಗಂಟೆಯನ್ನು ಅದೇ ನೋಡಿಕೊಳ್ಳುತ್ತದೆ. ನಾವೇ 10 ಗಂಟೆ, 11 ಗಂಟೆ ಅಂತ ಕೂಡಿಸುವ ಕೆಲಸವಿಲ್ಲ.

ಇನ್ನು ಫೇಲ್ ಆದಾಗ ಬರುವ ಮೇಲ್. ರಾತ್ರಿ ಎರಡೂವರೆಗೆ ಅದು ಬೆಂಗಳೂರಿನಲ್ಲಿ ಮಲಗಿರುವ ನನಗೆ ಬಂದು ಏನು ಉಪಯೋಗ, ಅಲ್ವಾ? ರಿಫ್ರೆಶ್ ಸೆಟ್ಟಿಂಗಿನಲ್ಲಿ ಮಾಲೀಕರ ಜೊತೆ ಬೇರೆಯವರ ವಿಳಾಸವನ್ನೂ ಸೇರಿಸಬಹುದು. ಸಿಡ್ನಿಯ ಒಬ್ಬರನ್ನು ಸೇರಿಸಿ, ಮತ್ತೆ ರಿಫ್ರೆಶ್ ಮಾಡಲು ಬೇಕಾದ ಅನುಮತಿಯನ್ನೂ ಅವರಿಗೆ ಕೊಟ್ಟಿದ್ದೇವೆ.